ತಪ್ಪಿದ ವರ್ಕೌಟ್‌ಗೆ ಬಡ್ಡಿ ಹಾಕದ ಕೋಚ್

ಕೋಚ್ ಇಟ್ಟುಕೊಂಡು ವ್ಯಾಯಾಮ ಮಾಡುವವರಲ್ಲಿ ಅನೇಕರಿಗೆ ವಾರಕ್ಕೊಮ್ಮೆ, ಸಾಮಾನ್ಯವಾಗಿ ಭಾನುವಾರ, ಒಂದು ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಈ ವಾರ ಏನೇನು ಮಾಡಿದಿರಿ, ನಿದ್ದೆ ಹೇಗಿತ್ತು, ಎಲ್ಲಾದರೂ ನೋವಿದೆಯಾ ಎಂಬ ವಿಚಾರಣೆ ಮೊದಲು, ಮುಂದಿನ ವಾರದ ಪಟ್ಟಿ ಆಮೇಲೆ. ಇದಕ್ಕೆ ಚೆಕ್-ಇನ್ ಎನ್ನುತ್ತಾರೆ. ಎಲ್ಲ ಸರಿಯಾಗಿ ನಡೆದ ವಾರ ಇದನ್ನು ಯಾರು ಬೇಕಾದರೂ ಬರೆದಾರು. ಕ್ಲೈಂಟ್ ಜಿಮ್ ಕಡೆ ತಲೆ ಹಾಕದ ವಾರವೇ ಕೋಚ್‌ಗೆ ಪರೀಕ್ಷೆ.

ಮೈಸೂರಿನ ಬ್ಯಾಂಕ್ ಉದ್ಯೋಗಿ, 42 ವರ್ಷದ ಒಬ್ಬ ಮಹಿಳೆ ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳಿಂದ ವಾರಕ್ಕೆ ನಾಲ್ಕು ದಿನ, ಸಂಜೆ ಏಳಕ್ಕೆ ಒಂದೊಂದು ಗಂಟೆ ವ್ಯಾಯಾಮ. ಹೆಗಲ ಮೇಲೆ 40 ಕೆ.ಜಿ. ಬಾರ್‌ ಹೊತ್ತು ಎಂಟೆಂಟು ಸಲದ ಮೂರು ಸೆಟ್ ಸ್ಕ್ವಾಟ್ ಮಾಡುವಷ್ಟು ಬಲ ಬಂದಿದೆ. ಅಷ್ಟರಲ್ಲಿ ಮಾರ್ಚ್ ಬಂತು. ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ, ಮನೆಯಲ್ಲಿ ಮಗನ ಎಸ್ಸೆಸ್ಸೆಲ್ಸಿ. ಆ ವಾರ ನಾಲ್ಕರಲ್ಲಿ ನಡೆದದ್ದು ಶನಿವಾರದ್ದೊಂದೇ.

ಬೈದರೆ ಅವರು ಮುಂದಿನ ವಾರ ಉತ್ತರವನ್ನೇ ಕೊಡುವುದಿಲ್ಲ. 'ಪರವಾಗಿಲ್ಲ ಬಿಡಿ ಮೇಡಂ' ಎಂದಷ್ಟೇ ಬರೆದು ಅದೇ ಪಟ್ಟಿ ಕಳಿಸಿದರೆ ಕೇಳಲು ಹಿತ, ಆದರೆ ಮಾರ್ಚ್ 31 ಇನ್ನೂ ಮುಂದಿದೆ, ಅದೇ ಪಟ್ಟಿ ಮತ್ತೆ ಕೈಕೊಡುತ್ತದೆ. ತಪ್ಪಿದ ಮೂರನ್ನೂ ಸೇರಿಸಿ ಆರೇಳು ದಿನ ಮಾಡಿಸುವುದು ಇನ್ನೂ ಕೆಟ್ಟ ಉಪಾಯ. ಬಿಡುವಿನ ನಂತರ ಒಮ್ಮೆಲೇ ದುಡಿಸಿದ ಸ್ನಾಯುವಿನ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಮೆಟ್ಟಿಲಿಳಿಯಲು ಆಗದವರು ಗುರುವಾರದ ಸೆಷನ್‌ಗೆ ಬರುವುದೆಲ್ಲಿಂದ?

ಬಾಕಿ ತೀರಿಸಲೇಬೇಕೆಂಬ ಆತುರಕ್ಕೆ ಶರೀರದಲ್ಲಿ ಕಾರಣವೂ ಇಲ್ಲ. ಗಳಿಸಿದ ಬಲ ಒಂದು ವಾರದ ಬಿಡುವಿಗೆ ಕರಗುವುದಿಲ್ಲ, ಎರಡು ಮೂರು ವಾರವಾದರೂ ಬಹುಪಾಲು ಉಳಿದಿರುತ್ತದೆ. ಅಮೆರಿಕದ ಅಲಬಾಮಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 16 ವಾರ ತರಬೇತಿ ಪಡೆದವರ ಪೈಕಿ ಕೆಲವರಿಗೆ ಮುಂದಿನ 32 ವಾರ ಮೂರನೇ ಒಂದು ಪಾಲು ಕೆಲಸವನ್ನಷ್ಟೇ ಕೊಟ್ಟರು, ಅದೂ ವಾರಕ್ಕೊಂದೇ ದಿನ. ತೂಕ ಇಳಿಸಲಿಲ್ಲ. ಬಲ ಹೆಚ್ಚುಕಡಿಮೆ ಉಳಿಯಿತು. 60 ದಾಟಿದವರಲ್ಲಿ ಮಾತ್ರ ಸ್ನಾಯುವಿನ ಗಾತ್ರ ಹಿಡಿದಿಡಲು ಅಷ್ಟು ಸಾಲಲಿಲ್ಲ. ಓಟಗಾರರ ಕಥೆ ಬೇರೆ: ರಕ್ತದ ದ್ರವಾಂಶ ಬೇಗ ಇಳಿಯುವುದರಿಂದ ಅವರ ದಮ್ಮು ಎರಡು ವಾರದೊಳಗೇ ಕುಗ್ಗತೊಡಗುತ್ತದೆ.

ಇಷ್ಟು ತಿಳಿದ ಕೋಚ್ ಸುಮಾರು ಹೀಗೆ ಬರೆಯಬಹುದು:

'ನಮಸ್ಕಾರ ಮೇಡಂ. ಶನಿವಾರದ ಸೆಷನ್ ನೋಡಿದೆ, 40 ಕೆ.ಜಿ. ಎಂದಿನಂತೆಯೇ ಎದ್ದಿದೆ. ತಪ್ಪಿದ ಮೂರೂ ಸಂಜೆಯವು, ಮೂರೂ ದಿನ ನೀವು ಬ್ರಾಂಚ್ ಬಿಟ್ಟದ್ದು ಎಂಟರ ಮೇಲೆ. ಹಾಗಾಗಿ ಏಪ್ರಿಲ್ ಮೊದಲ ವಾರದವರೆಗೆ ಸಂಜೆ ಬೇಡ. ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಆರೂಕಾಲಕ್ಕೆ, 35 ನಿಮಿಷ. ಸ್ಕ್ವಾಟ್, ರೋ, ಡಂಬೆಲ್ ಪ್ರೆಸ್, ಇಷ್ಟೇ. ತೂಕ ಅದೇ, ಮೂರರ ಬದಲು ಎರಡು ಸೆಟ್. ಇನ್ನೂ ಎರಡು ಸಲ ಎತ್ತಬಲ್ಲೆ ಅನ್ನಿಸಿದಾಗಲೇ ನಿಲ್ಲಿಸಿ. ಐದನೇ ಸಲಕ್ಕೇ ಬಾರ್ ನಿಧಾನವಾದರೆ 35ಕ್ಕೆ ಇಳಿಸಿ. ಬುಧವಾರ ಬರಲಾಗದಿದ್ದರೆ ಮನೆಯಲ್ಲೇ 15 ನಿಮಿಷ: ಕುರ್ಚಿಯಿಂದ ಕುಳಿತೇಳುವುದು, ಅಡುಗೆ ಕಟ್ಟೆಗೆ ಕೈಯೂರಿ ಪುಷ್‌ಅಪ್. ತಪ್ಪಿದ್ದನ್ನು ಸರಿದೂಗಿಸಬೇಕಿಲ್ಲ. ಮಂಗಳವಾರ ರಾತ್ರಿ ಎಷ್ಟು ಗಂಟೆ ನಿದ್ದೆ ಆಯಿತು ಅಂತ ಮಾತ್ರ ಬುಧವಾರ ತಿಳಿಸಿ.'

'ಯಾಕೆ ಬರಲಿಲ್ಲ' ಎಂಬ ಪ್ರಶ್ನೆ ಇದರಲ್ಲಿ ಎಲ್ಲೂ ಇಲ್ಲ. ಆ ಪ್ರಶ್ನೆಗೆ ಬರುವುದು ಕ್ಷಮಾಪಣೆ. ಯಾವ ದಿನ, ಎಷ್ಟು ಹೊತ್ತಿಗೆ ತಪ್ಪಿತು ಎಂದು ನೋಡಿದರೆ ಸಿಗುವುದು ಮಾಹಿತಿ. ಕೋಚ್ ತೋರಿದ ದಯೆ ಇರುವುದು ನಯವಾದ ಮಾತಿಗಿಂತ ಬದಲಾದ ಅಂಕಿಗಳಲ್ಲಿ ಎಂದು ನನಗನ್ನಿಸುತ್ತದೆ. ಸೆಟ್ ಕಡಿಮೆ ಮಾಡಿ ತೂಕ ಉಳಿಸಿದ್ದೂ ಲೆಕ್ಕಾಚಾರವೇ, ಏಕೆಂದರೆ ಬಲ ಉಳಿಯಲು ಮುಖ್ಯವಾಗಿ ಬೇಕಾದದ್ದು ಆ ಭಾರ. ಇನ್ನು ನಿದ್ದೆಯ ಪ್ರಶ್ನೆ: ಐದು ಗಂಟೆಯೂ ಮಲಗದವರನ್ನು ಬೆಳಿಗ್ಗೆ ಆರಕ್ಕೆ ಎಬ್ಬಿಸುವ ಯೋಜನೆ ತಾನೇ ತಪ್ಪು, ಆಗ ಬುಧವಾರದ್ದನ್ನು ಮನೆಯ 15 ನಿಮಿಷಕ್ಕೇ ಇಳಿಸಬೇಕು.

ಬಿಡುವು ಮೂರು ವಾರವಾಗಿದ್ದರೆ ಇದೇ ಪತ್ರದಲ್ಲಿ 40ರ ಬದಲು 35 ಇರುತ್ತಿತ್ತು. ತಿಂಗಳು ಮೀರಿದ್ದರೆ ಅನುಭವಿ ಕೋಚ್‌ಗಳು ಅರ್ಧದ ಆಸುಪಾಸಿನಿಂದ ಶುರುಮಾಡಿ ಕೆಲವು ವಾರಗಳಲ್ಲಿ ಏರಿಸುತ್ತಾರೆ. ತಪ್ಪಿದ್ದಕ್ಕೆ ಕಾರಣ ಜ್ವರವೋ ಎದೆನೋವೋ ಆಗಿದ್ದರೆ ಪಟ್ಟಿ ಕಳಿಸುವಂತೆಯೇ ಇಲ್ಲ, ಮೊದಲು ವೈದ್ಯರು. ದೀರ್ಘ ಬಿಡುವಿನ ನಂತರ ಅತಿಯಾಗಿ ಮಾಡಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುವ ಲಕ್ಷಣ ಅದು.

ಎರಡು ವಾರ ಎರಡೂ ಬೆಳಗು ತಪ್ಪದೆ ನಡೆದರೆ ಮೂರನೆಯ ದಿನ ವಾಪಸ್ ಬರುತ್ತದೆ. ಅದೂ ತಪ್ಪುತ್ತಿದ್ದರೆ ಈ ಮಹಿಳೆಗೆ ವಾರಕ್ಕೆ ಎರಡೇ ದಿನದ ಯೋಜನೆ ಬರೆಯಬೇಕು, ಏಪ್ರಿಲ್ ಕಳೆದ ಮೇಲೂ.