ಕಾಗುಣಿತಕ್ಕೆ ಎಷ್ಟು ಅಂಕ?

ಪ್ರೌಢಶಾಲೆಯ ಒಂದು ಪ್ರಬಂಧಕ್ಕೆ 20 ಅಂಕ ಎಂದಿಟ್ಟುಕೊಳ್ಳಿ. ವಿಷಯ: ಊರ ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ಟಬಹುದೇ? ಕೆರೆ ಹೋದರೆ ಸುತ್ತಲಿನ ಬಾವಿಗಳ ನೀರು ಇಳಿಯುತ್ತದೆ ಎಂದು ಒಬ್ಬ ಹುಡುಗಿ ಬರೆಯುತ್ತಾಳೆ. ನಿಲ್ದಾಣ ಬೇಕೇಬೇಕು ಎನ್ನುವವರ ಮಾತನ್ನೂ ಎತ್ತಿಕೊಂಡು, ಅದಕ್ಕೆ ಬೇರೆ ಜಾಗ ತೋರಿಸುತ್ತಾಳೆ. ಆದರೆ ಮಹಾಪ್ರಾಣ ಅಲ್ಪಪ್ರಾಣವಾಗಿದೆ, 'ಳ' ಇರಬೇಕಾದಲ್ಲಿ 'ಲ' ಬಂದಿದೆ, ಒತ್ತಕ್ಷರ ಬಿಟ್ಟಿದೆ. ಒಟ್ಟು 14 ತಪ್ಪು. ಪಕ್ಕದ ಹುಡುಗ 'ಕೆರೆ ನಮ್ಮ ಸಂಪತ್ತು' ಎಂಬುದನ್ನೇ ಮತ್ತೆ ಮತ್ತೆ ಹೇಳಿದ್ದಾನೆ, ಒಂದೂ ತಪ್ಪಿಲ್ಲದೆ.

ತಪ್ಪಿಗೆ ಅರ್ಧ ಅಂಕದಂತೆ ಕಳೆದರೆ, ವಿಷಯಕ್ಕೆ 16 ಗಳಿಸಿದ ಹುಡುಗಿ 9ಕ್ಕೆ ಇಳಿಯುತ್ತಾಳೆ. ಹುಡುಗನ 10 ಹಾಗೇ ಉಳಿಯುತ್ತದೆ. ಕಳೆಯುವುದಕ್ಕೆ ಮಿತಿಯೇ ಇಲ್ಲದಿರುವುದು ಇಲ್ಲಿನ ತೊಂದರೆ.

ಅಂಕಗಳನ್ನು ಮೊದಲೇ ಹಂಚಿಡುವ ರೂಬ್ರಿಕ್ ಈ ಮಿತಿಯನ್ನು ಹಾಕುತ್ತದೆ. ವಾದಕ್ಕೆ 8, ಆಧಾರಕ್ಕೆ 6, ಜೋಡಣೆಗೆ 3, ಕಾಗುಣಿತಕ್ಕೆ 3. ಈಗ ಹುಡುಗಿಗೆ 7, 5, 2, 0: ಒಟ್ಟು 14. ಹುಡುಗನಿಗೆ 3, 2, 2, 3: ಒಟ್ಟು 10. ತಪ್ಪಿಗೆ ದಂಡ ಬಿದ್ದೇ ಇದೆ, ಆದರೆ ಅದು 3 ಅಂಕ ದಾಟುವುದಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಬಹಳ ಜನ ನಂಬುತ್ತಾರೆ. ನಿಜವಾದ ಎಡವಟ್ಟು ಇನ್ನು ಮುಂದಿದೆ. ವಾದವನ್ನು ಅಳೆಯುವುದು ಕಷ್ಟ. ಹಾಗಾಗಿ ಶಿಕ್ಷಕರು ಯಾರಿಗೂ ಅನ್ಯಾಯವಾಗಬಾರದೆಂದು ಎಲ್ಲರಿಗೂ ನಡುವಿನ ಅಂಕ ಹಾಕಿಬಿಡುತ್ತಾರೆ. ಹುಡುಗಿಗೆ ವಾದಕ್ಕೆ 5, ಹುಡುಗನಿಗೆ 4. ಆಧಾರಕ್ಕೆ 4 ಮತ್ತು 3. ಕಾಗುಣಿತವನ್ನು ಎಣಿಸಬಹುದು, ಆದ್ದರಿಂದ ಅಲ್ಲಿ ಸೊನ್ನೆಯಿಂದ 3ರವರೆಗೂ ಧೈರ್ಯವಾಗಿ ಕೊಡುತ್ತಾರೆ. ಹುಡುಗಿಗೆ 11, ಹುಡುಗನಿಗೆ 12! ಕಾಗದದ ಮೇಲೆ ವಾದದ ತೂಕ ಹೆಚ್ಚು; ಆದರೆ ಯಾರು ಮುಂದೆ ಎಂಬುದನ್ನು ತೀರ್ಮಾನಿಸಿದ್ದು ಕಾಗುಣಿತ. ಅಂಕಗಳು ಎಲ್ಲಿ ಹೆಚ್ಚು ಚದುರುತ್ತವೋ ಅಲ್ಲೇ ನಿಜವಾದ ತೂಕ ಇರುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ತರಗತಿಯ ಅಂಕಪಟ್ಟಿಯಲ್ಲಿ ಪ್ರತಿ ಕಾಲಂನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳ ಅಂತರ ನೋಡಿದರೆ ಸಾಕು. ವಾದದ ಕಾಲಂನಲ್ಲಿ ಅದು ಒಂದೆರಡೇ ಆಗಿದ್ದರೆ, ಆ 8 ಅಂಕ ಹೆಸರಿಗೆ ಮಾತ್ರ. ಕಾಲಂನ ಅಂಕವನ್ನು 8ರಿಂದ 10ಕ್ಕೆ ಏರಿಸುವುದರಿಂದ ಹೆಚ್ಚೇನೂ ಬದಲಾಗದು. ಪ್ರತಿ ಹಂತಕ್ಕೂ ವಿವರಣೆ ಬೇಕು. ನಿಲುವು ಮಾತ್ರ ಇದ್ದರೆ 2, ಜೊತೆಗೆ ಕಾರಣ ಇದ್ದರೆ 4, ಕಾರಣ ನಿಲುವಿಗೆ ಸರಿಯಾಗಿ ಹೊಂದಿದರೆ 6, ಎದುರು ವಾದಕ್ಕೂ ಉತ್ತರವಿದ್ದರೆ 8. ಆಗ 2 ಹಾಕಲೂ 8 ಹಾಕಲೂ ಕೈ ಹಿಂಜರಿಯುವುದಿಲ್ಲ.

ಇನ್ನೊಂದು ಸೋರಿಕೆಯನ್ನು ಯಾವ ಕಾಲಂ ಕೂಡ ತೋರಿಸುವುದಿಲ್ಲ. ಮೊದಲ ಪುಟದಲ್ಲೇ ಕೆಂಪು ಗೆರೆ ತುಂಬಿದರೆ, ಓದುವವರ ಮನಸ್ಸು ವಾದದ ಅಂಕವನ್ನೂ ಇಳಿಸುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲಿ ಕೆಂಪು ಪೆನ್ನು ಹಿಡಿಯದೆ ಓದಿ, ವಾದ-ಆಧಾರಗಳ ಅಂಕ ಬರೆದಿಟ್ಟು, ತಪ್ಪುಗಳನ್ನು ಎರಡನೇ ಸುತ್ತಿನಲ್ಲಿ ಗುರುತಿಸುವುದು ಒಳ್ಳೆಯದು. ಒಂದೇ ಪದ ಆರು ಕಡೆ ತಪ್ಪಾಗಿದ್ದರೂ ಅದು ಒಂದೇ ತಪ್ಪು.

ಉಕ್ತಲೇಖನದ ಮಾತು ಬೇರೆ. ಅಲ್ಲಿ ಪರೀಕ್ಷೆ ಇರುವುದೇ ಕಾಗುಣಿತಕ್ಕೆ, 20ಕ್ಕೆ 20 ಅಂಕವೂ ಅದಕ್ಕೇ ಸಲ್ಲಬೇಕು.