ಎದೆ ಡವಡವ ಅಂದರೆ ಔಷಧಿ ಡಬ್ಬಿ ನೋಡಿ

ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಗುಳಿಗೆ ನುಂಗಿದ್ದೀರಿ. ಮೂಗು ಕಟ್ಟಿದೆ ಅಂತ ತಿಂಡಿಯಾದ ಮೇಲೆ ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ ತಗೊಂಡಿರಿ. ಮನೆ ಗುಡಿಸುವಾಗ ದೂಳಿಗೆ ಉಸಿರು ಹಿಡಿದಂತಾಗಿ ಇನ್‌ಹೇಲರ್ ಎರಡು ಸಲ ಎಳೆದುಕೊಂಡಿರಿ. ಹನ್ನೊಂದು ಗಂಟೆಗೆ ಸುಮ್ಮನೆ ಕೂತಿದ್ದರೂ ಎದೆ ಓಡಿ ಬಂದವರ ಹಾಗೆ ಬಡಿಯುತ್ತಿದೆ. ‘ರೀ, ಯಾಕೋ ಎದಿ ಡವಡವ ಅನ್ನಕತ್ತದ’ ಅಂದರೆ ಸಾಕು, ಮನೆಮಂದಿಗೆಲ್ಲ ಹಾರ್ಟ್ ಅಟ್ಯಾಕ್ ನೆನಪಾಗುತ್ತದೆ. ಬೆಳಗಿನಿಂದ ಹೊಟ್ಟೆಗೆ, ಎದೆಗೆ ಹೋದ ಮೂರು ಔಷಧಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಈ ಮೂರೂ ನಾಡಿಬಡಿತವನ್ನು ಏರಿಸಬಲ್ಲವು. ಆದರೆ ಮೂರರ ಗಡಿಯಾರ ಬೇರೆ ಬೇರೆ. ಇನ್‌ಹೇಲರ್‌ದು ನಿಮಿಷಗಳ ಲೆಕ್ಕ, ನೆಗಡಿ ಮಾತ್ರೆಯದು ಗಂಟೆಗಳ ಲೆಕ್ಕ, ಥೈರಾಯ್ಡ್ ಗುಳಿಗೆಯದು ವಾರಗಳ ಲೆಕ್ಕ. ಇಷ್ಟು ಗೊತ್ತಿದ್ದರೆ ಒಂದು ನೋಟ್‌ಬುಕ್, ಒಂದು ಗಡಿಯಾರ ಇಟ್ಟುಕೊಂಡು ಯಾವುದರಿಂದ ಹೀಗಾಗುತ್ತಿದೆ ಎಂದು ಬಹುಮಟ್ಟಿಗೆ ನೀವೇ ಪತ್ತೆ ಹಚ್ಚಬಹುದು.

ನಾಡಿ ನೋಡುವುದು ಹೀಗೆ

ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ಬಡಿತ ಎಣಿಕೆಗೆ ಬಂದುಬಿಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 60ರಿಂದ 100 ಸಾಮಾನ್ಯ ಅನ್ನುತ್ತಾರೆ. ಆದರೆ ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಮಾಮೂಲಿ ಎಷ್ಟು ಅನ್ನುವುದು. ಯಾವಾಗಲೂ 72 ಇರುತ್ತಿದ್ದವರಿಗೆ ದಿನಾ 94 ಬಂದರೆ, ಅದು ನೂರರ ಒಳಗಿದ್ದರೂ ವಿಚಾರಿಸಬೇಕಾದ ಸಂಗತಿಯೇ.

ಒಂದು ನೋಟ್‌ಬುಕ್ಕಿನ ಕಥೆ

ಸಿರವಾರದ ಒಬ್ಬ ಗೃಹಿಣಿ ಅಂತಿಟ್ಟುಕೊಳ್ಳಿ, ವಯಸ್ಸು 42. ಆರು ವರ್ಷದಿಂದ ಥೈರಾಯ್ಡ್ ಗುಳಿಗೆ ನುಂಗುತ್ತಾರೆ, ಆಗಾಗ ಉಬ್ಬಸವೂ ಉಂಟು. ಬೇಸಿಗೆಯಲ್ಲಿ ಬಿ.ಪಿ. ನೋಡಿಸಿದಾಗ ನಾಡಿ 72 ಇತ್ತು. ಈಗ ಸುತ್ತಲೂ ಭತ್ತದ ಕಟಾವು. ಊರ ತುಂಬ ದೂಳು, ಜೊತೆಗೆ ನೆಗಡಿ. ಎದೆ ಡವಡವ ಅಂತ ಗಾಬರಿಯಾಗಿ ದಿನಾ ಬರೆದಿಡಲು ಶುರು ಮಾಡುತ್ತಾರೆ.

ಮೊದಲ ದಿನ ಇನ್‌ಹೇಲರ್ ಎಳೆದುಕೊಳ್ಳುವ ಮುಂಚೆ 96. ಹದಿನೈದು ನಿಮಿಷಕ್ಕೆ 110, ಕೈಬೆರಳಲ್ಲಿ ಸಣ್ಣ ನಡುಕ. ಒಂದೂವರೆ ಗಂಟೆ ಕಳೆದ ಮೇಲೆ ಮತ್ತೆ 97. ಇದು ಸಾಲ್ಬುಟಮಾಲ್ ಅನ್ನುವ ಔಷಧಿಯ ಗುಣ. ಅದು ಶ್ವಾಸನಾಳ ಸಡಿಲಿಸುವಾಗ ಹೃದಯವನ್ನೂ ಸ್ವಲ್ಪ ತಟ್ಟಿ ಎಬ್ಬಿಸುತ್ತದೆ. ಬೇಗ ಏರುತ್ತದೆ, ಬೇಗ ಇಳಿಯುತ್ತದೆ.

ಇದಕ್ಕೆ ಹೆದರಿ ಉಬ್ಬಸ ಬಂದಾಗ ಇನ್‌ಹೇಲರ್ ದೂರ ಇಡಬೇಡಿ. ಉಸಿರಿಗೆ ಒದ್ದಾಡುವಾಗ ಆ ಒದ್ದಾಟಕ್ಕೇ ನಾಡಿ ಓಡುತ್ತಿರುತ್ತದೆ, ಉಸಿರು ಹಗುರಾದರೆ ಅದೂ ತಗ್ಗುತ್ತದೆ. ಆದರೆ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಇದು ಬೇಕಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ ಅಂತಲೇ ಅರ್ಥ. ಒಳಗಿನ ಊತ ಇಳಿಸುವ ಬೇರೆ ಇನ್‌ಹೇಲರ್ ಬಗ್ಗೆ ಡಾಕ್ಟರನ್ನು ಕೇಳಿ. ಉಬ್ಬಸಕ್ಕೆ ಮಾತ್ರೆ ನುಂಗುವವರಿಗೆ ಡವಡವ ಇನ್ನೂ ಜಾಸ್ತಿ. ಎಳೆದುಕೊಂಡದ್ದು ಸೀದಾ ಶ್ವಾಸಕೋಶಕ್ಕೆ ಹೋದರೆ, ನುಂಗಿದ್ದು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತಿ ಬರುತ್ತದೆ.

ನೆಗಡಿ ಮಾತ್ರೆಯ ಪಾಲು

ಮಾತ್ರೆಯ ಹಿಂದಿನ ಸಣ್ಣಕ್ಷರ ಓದಿ. ಸ್ಯೂಡೋಎಫೆಡ್ರಿನ್ ಇದ್ದರೆ ನಾಡಿ ಸರಾಸರಿ ಮೂರು ಬಡಿತದಷ್ಟು ಏರುತ್ತದೆ. ಕೆಲವರಿಗೆ ಮಾತ್ರ ತುಂಬಾ ಏರಿ ನಿದ್ದೆಯೂ ಹಾರುತ್ತದೆ. ಕೆಲವು ಮಾತ್ರೆಗಳಲ್ಲಿ ಕೆಫೀನ್ ಕೂಡ ಇರುತ್ತದೆ. ಅದರ ಮೇಲೆ ನೀವು ನಾಲ್ಕು ಸಲ ಚಹಾ ಕುಡಿದರೆ ಲೆಕ್ಕ ಎಲ್ಲಿಗೆ ಹೋಯಿತು ನೋಡಿ.

ಹಿಂದೆ ನಮ್ಮ ನೆಗಡಿ ಮಾತ್ರೆಗಳಲ್ಲಿ ಫಿನೈಲ್‌ಪ್ರೊಪನೋಲಮಿನ್ ಸಾಮಾನ್ಯವಾಗಿತ್ತು. ಅದಕ್ಕೂ ಹೆಂಗಸರ ಮೆದುಳಿನ ರಕ್ತಸ್ರಾವಕ್ಕೂ ನಂಟು ಕಂಡುಬಂದು 2000ದಲ್ಲಿ ಅಮೆರಿಕ ಅದನ್ನು ಹಿಂದೆಗೆಸಿತು. ನಮ್ಮಲ್ಲಿ ಕೇಂದ್ರ ಸರ್ಕಾರ ನಿಷೇಧ ಹೊರಡಿಸಿದ್ದು 2011ರ ಫೆಬ್ರವರಿಯಲ್ಲಿ. ಈಗ ಹೆಚ್ಚಾಗಿ ಕಾಣುವುದು ಫಿನೈಲ್‌ಎಫ್ರಿನ್. ಇದು ನಾಡಿಗಿಂತ ಬಿ.ಪಿ. ಏರಿಸುವ ಜಾತಿ. ಅದನ್ನು ನುಂಗಿದರೆ ಮೂಗು ತೆರೆಯುವುದೇ ಇಲ್ಲ ಎಂದು 2023ರಲ್ಲಿ ಅಮೆರಿಕದ ತಜ್ಞರ ಸಮಿತಿ ಹೇಳಿದೆ. ಬಿ.ಪಿ. ಇದ್ದವರು ಯಾವುದೇ ಮೂಗು ಬಿಡಿಸುವ ಮಾತ್ರೆಯನ್ನು ಕೇಳದೆ ನುಂಗಬಾರದು. ಮೂಗಿಗೆ ಉಪ್ಪುನೀರಿನ ಹನಿ, ಬಿಸಿನೀರಿನ ಆವಿ ಸಾಕಾಗುತ್ತದೆ.

ನಮ್ಮ ಗೃಹಿಣಿ ಮಾತ್ರೆ ಬಿಟ್ಟು ಎರಡು ದಿನವಾಯಿತು. ಜ್ವರವೂ ಇಲ್ಲ. (ಜ್ವರವಿದ್ದರೆ ಅದರಿಂದಲೇ ನಾಡಿ ಏರಿರುತ್ತದೆ, ಆಗಿನ ಲೆಕ್ಕ ಹಿಡಿಯಬೇಡಿ.) ಆ ಎರಡು ದಿನ ಇನ್‌ಹೇಲರ್ ಕೂಡ ಮುಟ್ಟಿಲ್ಲ. ಆದರೂ ಬೆಳಿಗ್ಗೆ ಹಾಸಿಗೆಯಲ್ಲೇ ನೋಡಿದರೆ 94! ಹಾಗಾದರೆ ಉಳಿದದ್ದು ಯಾವುದು?

ಕಬ್ಬಿಣದ ಗುಳಿಗೆಯ ಆಟ

ಅವರು ಮೊದಲು ನುಂಗುತ್ತಿದ್ದದ್ದು 75 ಮೈಕ್ರೋಗ್ರಾಂ ಥೈರಾಯ್ಡ್ ಗುಳಿಗೆ. ರಕ್ತ ಕಡಿಮೆ ಅಂತ ಕೊಟ್ಟ ಕಬ್ಬಿಣದ ಗುಳಿಗೆಯನ್ನೂ ‘ಒಂದೇ ಸಲ ಮುಗೀಲಿ’ ಅಂತ ಅದರ ಜೊತೆಗೇ ನುಂಗುತ್ತಿದ್ದರು. ಕಬ್ಬಿಣ ಹೊಟ್ಟೆಯಲ್ಲಿ ಥೈರಾಯ್ಡ್ ಔಷಧಿಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಜಾಸ್ತಿ ಬಂತು, ಡಾಕ್ಟರು ಗುಳಿಗೆಯನ್ನು 100ಕ್ಕೆ ಏರಿಸಿದರು. ದಸರೆ ಹೊತ್ತಿಗೆ ಕಬ್ಬಿಣದ ಗುಳಿಗೆ ಮುಗಿಯಿತು. 100 ಮಾತ್ರ ಹಾಗೇ ಉಳಿಯಿತು. ಈಗ ಅಷ್ಟೂ ಔಷಧಿ ರಕ್ತಕ್ಕೆ ಸೇರುತ್ತಿದೆ, ಹೃದಯ ಹಗಲೂ ರಾತ್ರಿ ಓಡುತ್ತಿದೆ. ಸೆಕೆ, ನಡುಕ, ತೂಕ ಇಳಿಯುವುದು, ನಿದ್ದೆ ಬಾರದಿರುವುದು ಇದರದೇ ಕುರುಹು.

ಮತ್ತೆ ಪರೀಕ್ಷೆ ಮಾಡಿಸಿದರೆ ಟಿ.ಎಸ್.ಎಚ್. 0.1. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. ಡಾಕ್ಟರು ಗುಳಿಗೆಯನ್ನು 75ಕ್ಕೆ ಇಳಿಸುತ್ತಾರೆ. ಮರುದಿನವೇ ನಾಡಿ ಇಳಿಯುವುದಿಲ್ಲ. ಈ ಔಷಧಿ ಮೈಯಲ್ಲಿ ಅರ್ಧ ಕರಗಲಿಕ್ಕೇ ಒಂದು ವಾರ ಬೇಕು. ಅದಕ್ಕೇ ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ.

ಹೆರಿಗೆಯಾದವರೂ ಗಮನಿಸಿ. ಬಸುರಿಯಲ್ಲಿ ಗುಳಿಗೆಯ ಪ್ರಮಾಣ ಏರಿಸಿರುತ್ತಾರೆ. ಬಾಣಂತನದಲ್ಲಿ ಅದನ್ನು ಹಿಂದಿನ ಪ್ರಮಾಣಕ್ಕೆ ಇಳಿಸುವುದು ಎಷ್ಟೋ ಸಲ ಮರೆತುಹೋಗುತ್ತದೆ. ಮುಟ್ಟು ನಿಂತವರಲ್ಲಿ ಹೆಚ್ಚಾದ ಗುಳಿಗೆ ವರ್ಷಗಟ್ಟಲೆ ಮುಂದುವರಿದರೆ ಎಲುಬು ಸವೆಯುತ್ತದೆ, ನಾಡಿಯ ಲಯವೂ ತಪ್ಪಬಹುದು. ಹಾಗಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ.

ನೆನಪಿಡಿ

* ಬೆಳಿಗ್ಗೆ ಏಳುವ ಮುಂಚೆ ಒಂದು ಸಲ, ಡವಡವ ಅಂದಾಗ ಒಂದು ಸಲ ನಾಡಿ ಬರೆಯಿರಿ. ಪಕ್ಕದಲ್ಲಿ ಔಷಧಿ ತಗೊಂಡ ಸಮಯ ಇರಲಿ.
* ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ. ಚಹಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ತಡೆಯಿರಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ನಾಲ್ಕು ಗಂಟೆ ಬಿಟ್ಟು. ಅವನ್ನು ಶುರು ಮಾಡಿದಾಗ, ನಿಲ್ಲಿಸಿದಾಗ ಥೈರಾಯ್ಡ್ ಡಾಕ್ಟರಿಗೆ ತಿಳಿಸಿ.
* ಈ ಮೂರೂ ಇಲ್ಲದೆ ನಾಡಿ ಏರಿದ್ದರೆ ರಕ್ತಹೀನತೆ, ಮೈಯಲ್ಲಿ ನೀರು ಕಡಿಮೆಯಾಗುವುದು ಕಾರಣವಿರಬಹುದು. ನಮ್ಮ ರಾಯಚೂರಿನ ಬಿಸಿಲಿಗೆ ಎರಡನೆಯದು ಅಪರೂಪವಲ್ಲ.
* ಕೂತಾಗಲೇ 120 ದಾಟಿ ಇಳಿಯದಿದ್ದರೆ, ಬಡಿತ ತಾಳ ತಪ್ಪಿದ್ದರೆ, ಎದೆನೋವು, ತಲೆಸುತ್ತಿ ಬೀಳುವುದು, ಇನ್‌ಹೇಲರ್‌ಗೂ ಬಗ್ಗದ ಉಬ್ಬಸ ಇದ್ದರೆ ನೋಟ್‌ಬುಕ್ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.