ಮೊದಲು ಮುಗಿಸುವವರಿಗೆ ಮೊದಲ ಮಣೆ

ಮೈಸೂರು ನಗರದ ದಕ್ಷಿಣ ಭಾಗದಲ್ಲಿ ಶ್ರೀರಾಂಪುರವೆಂಬ ಬಡಾವಣೆಯಿದೆ. ಇಂತಹ ಬಡಾವಣೆಗಳಲ್ಲಿ ಸಂಘಗಳಿಗೂ ಸಮಿತಿಗಳಿಗೂ ಕೊರತೆಯಿಲ್ಲ; ಅವೆಲ್ಲ ಕೂಡಿ ಕುಳಿತು ಮಾತನಾಡುವುದಕ್ಕೆ ಬೇಕಾದ ಸ್ಥಳಕ್ಕೆ ಮಾತ್ರ ಕೊರತೆ. ವಾರದ ಆರು ದಿನ ಎಲ್ಲರಿಗೂ ಅವರವರ ಕೆಲಸ. ಆದ್ದರಿಂದ ಎಲ್ಲರ ಕಣ್ಣೂ ಭಾನುವಾರದ ಮೇಲೆಯೇ ಬೀಳುತ್ತದೆ. ಅಲ್ಲಿ ಒಂದೇ ಸಭಾಂಗಣವುಳ್ಳ ಒಂದು ಸಮುದಾಯ ಭವನವನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಎಂಟು ಗಂಟೆಗೆ ಅದರ ಬಾಗಿಲು ತೆರೆಯುತ್ತದೆ, ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ಮುಂದಿನ ಭಾನುವಾರಕ್ಕಾಗಿ ಒಂಬತ್ತು ಅರ್ಜಿಗಳು ವ್ಯವಸ್ಥಾಪಕರ ಮೇಜಿನ ಮೇಲಿವೆ:

1. ಗೃಹನಿರ್ಮಾಣ ಸಹಕಾರ ಸಂಘದ ಮಹಾಸಭೆ: ಬೆಳಗ್ಗೆ 8ರಿಂದ ಮಧ್ಯಾಹ್ನ 2
2. ಹಿರಿಯ ನಾಗರಿಕರ ಸಭೆ: ಬೆಳಗ್ಗೆ 8.30ರಿಂದ 10
3. ತರುಣರ ಕ್ರೀಡಾ ಸಂಘ: ಬೆಳಗ್ಗೆ 9.30ರಿಂದ 11.30
4. ಮಹಿಳಾ ಸ್ವಸಹಾಯ ಗುಂಪು: ಬೆಳಗ್ಗೆ 10ರಿಂದ 11
5. ಗಣೇಶೋತ್ಸವ ಸಮಿತಿ: ಬೆಳಗ್ಗೆ 11ರಿಂದ ಮಧ್ಯಾಹ್ನ 1
6. ಪೋಷಕರ ಸಭೆ: ಮಧ್ಯಾಹ್ನ 12.30ರಿಂದ 2.30
7. ಓದುಗರ ಬಳಗ: ಮಧ್ಯಾಹ್ನ 1.30ರಿಂದ 3.30
8. ನಿವೃತ್ತ ನೌಕರರ ಸಂಘ: ಮಧ್ಯಾಹ್ನ 3ರಿಂದ ಸಂಜೆ 5
9. ಭಜನಾ ಮಂಡಳಿ: ಸಂಜೆ 4.30ರಿಂದ 6

ಒಂದು ಸಭೆ ನಡೆಯುತ್ತಿರುವಾಗ ಇನ್ನೊಂದಕ್ಕೆ ಅವಕಾಶವಿಲ್ಲ. ಒಂದು ಮುಗಿದ ಗಳಿಗೆಯಲ್ಲೇ ಮತ್ತೊಂದು ಆರಂಭವಾಗಬಹುದು. ಯಾರ ವೇಳೆಯನ್ನೂ ಹಿಂದುಮುಂದು ಮಾಡುವಂತಿಲ್ಲ. ಭವನದ ಆಡಳಿತ ಮಂಡಳಿಯವರ ಅಪೇಕ್ಷೆ ಒಂದೇ: ಸಾಧ್ಯವಾದಷ್ಟು ಹೆಚ್ಚು ಸಂಘಗಳಿಗೆ ಸ್ಥಳ ದೊರೆಯಬೇಕು. ಯಾರಿಗೆ ಕೊಡಬೇಕು, ಯಾರಿಗೆ ಇಲ್ಲವೆನ್ನಬೇಕು?

ವ್ಯವಸ್ಥಾಪಕರಿಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವ ಉಪಾಯವೇ. ಬೆಳಗ್ಗೆ ಬಾಗಿಲು ತೆರೆದಾಗ ಯಾರು ಮೊದಲು ಆರಂಭಿಸುವರೋ ಅವರಿಗೆ ಕೊಡುವುದು. ಅವರು ಎದ್ದ ಮೇಲೆ ಉಳಿದವರಲ್ಲಿ ಯಾರು ಮೊದಲು ಆರಂಭಿಸುವರೋ ಅವರಿಗೆ ಕೊಡುವುದು. ಸಭಾಂಗಣ ಒಂದು ಕ್ಷಣವೂ ಸುಮ್ಮನೆ ಬಿದ್ದಿರಬಾರದೆಂಬುದು ಅವರ ಎಣಿಕೆ. ಅದರಂತೆ ಎಂಟು ಗಂಟೆಯ ಮಹಾಸಭೆಗೆ ಮೊದಲ ಸ್ಥಾನ ಸಂದಿತು. ಅದು ಎರಡು ಗಂಟೆಯವರೆಗೂ ಏಳಲಿಲ್ಲ. ಅಷ್ಟರೊಳಗೆ ಎರಡನೆಯ ಅರ್ಜಿಯಿಂದ ಏಳನೆಯದರವರೆಗೆ ಆರು ಸಭೆಗಳ ಆರಂಭದ ವೇಳೆ ಮೀರಿಹೋಗಿತ್ತು. ಮೂರು ಗಂಟೆಗೆ ನಿವೃತ್ತ ನೌಕರರು ಬಂದು ಕುಳಿತರು. ಅವರು ಐದಕ್ಕೆ ಏಳುವ ಹೊತ್ತಿಗೆ ನಾಲ್ಕೂವರೆಯ ಭಜನೆಯೂ ತಪ್ಪಿತು. ಇಡೀ ದಿನದಲ್ಲಿ ನಡೆಯಬಹುದಾದದ್ದು ಎರಡೇ ಸಭೆ. ವಾರದ ಉಳಿತಾಯವನ್ನು ಲೆಕ್ಕ ಹಾಕಿ ಸಾಲದ ಕಂತನ್ನು ಕಟ್ಟಿಸಿಕೊಳ್ಳಬೇಕಾಗಿದ್ದ ಸ್ವಸಹಾಯ ಗುಂಪಿನ ಹೆಂಗಸರು, ಕೇವಲ ಒಂದು ಗಂಟೆಯ ಸ್ಥಳ ಸಿಗದೆ, ಯಾರದೋ ಮನೆಯ ಜಗುಲಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ವ್ಯವಸ್ಥಾಪಕರು ಆ ಪಟ್ಟಿಯನ್ನು ನೆರೆಮನೆಯ ಗಣಿತದ ಅಧ್ಯಾಪಕರಿಗೆ ತೋರಿಸಿದರು.

“ಮೇಷ್ಟ್ರೇ, ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೂ ಏಳು ಸಂಘಗಳಿಗೆ ಇಲ್ಲವೆಂದು ಬರೆಯಬೇಕಾಗಿದೆ. ಎಲ್ಲಿ ತಪ್ಪಿದೆನೋ ತಿಳಿಯದು” ಎಂದರು.

ಅಧ್ಯಾಪಕರು ಪಟ್ಟಿಯನ್ನು ನೋಡಿ, “ಸಭೆ ಯಾವಾಗ ಶುರುವಾಗುತ್ತದೆ ಎಂದು ಕೇಳಿದಿರಿ. ಬಂದವರು ಯಾವಾಗ ಜಾಗ ಬಿಟ್ಟು ಏಳುತ್ತಾರೆ ಎಂದು ಕೇಳಲಿಲ್ಲ” ಎಂದರು.

ತಪ್ಪಿನ ಬೇರು ಇಲ್ಲಿಯೇ ಇದೆ. ಆರಂಭದ ವೇಳೆಯು ಆ ಸಭೆಯನ್ನು ಕುರಿತು ಮಾತ್ರ ಹೇಳುತ್ತದೆ. ಅದರ ಹಿಂದೆ ಕಾದು ನಿಂತವರ ಪಾಲಿಗೆ ಏನು ಉಳಿಯುವುದೆಂಬುದನ್ನು ಹೇಳುವುದಿಲ್ಲ. ಉಳಿದವರಿಗೆ ಬೇಕಾದ ಸಂಗತಿ ಒಂದೇ: ಸಭಾಂಗಣ ಎಷ್ಟು ಹೊತ್ತಿಗೆ ಬಿಡುವಾಗುತ್ತದೆ? ಅದನ್ನು ತಿಳಿಸುವುದು ಮುಗಿಯುವ ವೇಳೆ.

ಹಾಗಾದರೆ ಎಲ್ಲಕ್ಕಿಂತ ಚಿಕ್ಕ ಸಭೆಯನ್ನು ಮೊದಲು ಆರಿಸಿದರೆ ಸಾಲದೇ ಎಂದು ಕೇಳಬಹುದು. ಅದೂ ಸಾಲದು. ಒಂದು ಸಭೆ ಒಂಬತ್ತರಿಂದ ಹನ್ನೊಂದು, ಇನ್ನೊಂದು ಹನ್ನೊಂದರಿಂದ ಒಂದು ಗಂಟೆಯವರೆಗೆ ಇದೆ. ಇವೆರಡರ ನಡುವೆ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಒಂದು ಗಂಟೆಯ ಸಭೆಯಿದೆ ಎನ್ನೋಣ. ಆ ಚಿಕ್ಕದನ್ನು ಆರಿಸಿಕೊಂಡರೆ ಅದು ಎರಡು ಬದಿಗೂ ಕಾಲು ಚಾಚಿ ಎರಡು ಸಭೆಗಳನ್ನು ಕೆಡಿಸುತ್ತದೆ. ಚಿಕ್ಕದಾಗಿರುವುದು ಮುಖ್ಯವಲ್ಲ, ಬೇಗ ಬಿಟ್ಟುಕೊಡುವುದು ಮುಖ್ಯ.

ಸರಿಯಾದ ವಿಧಿ ಇದು. ಎಲ್ಲ ಅರ್ಜಿಗಳನ್ನೂ ಮುಗಿಯುವ ವೇಳೆಗೆ ಅನುಸಾರವಾಗಿ ಜೋಡಿಸಿಕೊಳ್ಳಬೇಕು. ಎಲ್ಲಕ್ಕಿಂತ ಮೊದಲು ಮುಗಿಯುವುದನ್ನು ಆರಿಸಬೇಕು. ಅನಂತರ ಪಟ್ಟಿಯಲ್ಲಿ ಕೆಳಗಿಳಿಯುತ್ತ, ಹಿಂದೆ ಆರಿಸಿದ ಸಭೆ ಮುಗಿದ ಮೇಲೆ ಆರಂಭವಾಗುವಂಥದು ಕಂಡರೆ ಆರಿಸಬೇಕು, ಇಲ್ಲದಿದ್ದರೆ ಬಿಡಬೇಕು. ಒಮ್ಮೆ ಆರಿಸಿದ್ದನ್ನು ಮತ್ತೆ ಬದಲಾಯಿಸುವಂತಿಲ್ಲ.

ಶ್ರೀರಾಂಪುರದ ಪಟ್ಟಿಗೆ ಇದನ್ನು ಅನ್ವಯಿಸಿದರೆ, ಹತ್ತು ಗಂಟೆಗೇ ಮುಗಿಯುವ ಹಿರಿಯ ನಾಗರಿಕರ ಸಭೆಗೆ ಮೊದಲ ಮಣೆ. ಅನಂತರ ಹನ್ನೊಂದಕ್ಕೆ ಮುಗಿಯುವ ಸ್ವಸಹಾಯ ಗುಂಪು. ಅದು ಹತ್ತಕ್ಕೇ ಆರಂಭವಾಗುವುದರಿಂದ ಅಡ್ಡಿಯಿಲ್ಲ. ಹನ್ನೊಂದೂವರೆಗೆ ಮುಗಿಯುವ ಕ್ರೀಡಾ ಸಂಘವು ಒಂಬತ್ತೂವರೆಗೇ ಆರಂಭವಾಗಬೇಕು, ಅದನ್ನು ಬಿಡಬೇಕು. ಒಂದು ಗಂಟೆಗೆ ಮುಗಿಯುವ ಗಣೇಶೋತ್ಸವ ಸಮಿತಿ ಸಲ್ಲುತ್ತದೆ. ಎರಡಕ್ಕೆ ಮುಗಿಯುವ ಮಹಾಸಭೆಯೂ ಎರಡೂವರೆಗೆ ಮುಗಿಯುವ ಪೋಷಕರ ಸಭೆಯೂ ಸಲ್ಲುವುದಿಲ್ಲ. ಮೂರೂವರೆಗೆ ಮುಗಿಯುವ ಓದುಗರ ಬಳಗ ಸಲ್ಲುತ್ತದೆ. ನಿವೃತ್ತ ನೌಕರರ ಸಭೆ ಮೂರಕ್ಕೇ ಆರಂಭವಾಗುವುದರಿಂದ ಬಿಟ್ಟುಹೋಗುತ್ತದೆ. ಕೊನೆಗೆ ಭಜನಾ ಮಂಡಳಿ ಸಲ್ಲುತ್ತದೆ. ಒಟ್ಟು ಐದು ಸಭೆಗಳು! ವಿಚಿತ್ರವೆಂದರೆ ಹಳೆಯ ಏರ್ಪಾಡಿನ ಎರಡು ಸಭೆಗಳಿಗೆ ಹಿಡಿದ ಕಾಲ ಎಂಟು ಗಂಟೆ. ಈ ಐದಕ್ಕೆ ಹಿಡಿದ ಕಾಲವೂ ಎಂಟೇ ಗಂಟೆ. ಸಭಾಂಗಣದ ಬಳಕೆ ಒಂದಿಷ್ಟೂ ಹೆಚ್ಚಲಿಲ್ಲ. ಬಾಗಿಲಿನಿಂದ ಹಿಂದಿರುಗಿದವರ ಸಂಖ್ಯೆ ಮಾತ್ರ ಕಡಿಮೆಯಾಯಿತು.

ಐದು ಬಂದಿತೆಂದ ಮಾತ್ರಕ್ಕೆ ಆರು ಬರಲಾರದೆಂದು ಹೇಗೆ ನಂಬುವುದು? ಬೇರೊಬ್ಬ ಜಾಣನು ತನ್ನದೇ ರೀತಿಯಲ್ಲಿ ಅತ್ಯಂತ ಹೆಚ್ಚು ಸಭೆಗಳ ಪಟ್ಟಿಯೊಂದನ್ನು ಮಾಡಿ ತಂದಿದ್ದಾನೆ ಎಂದುಕೊಳ್ಳೋಣ. ಅವನ ಪಟ್ಟಿಯ ಮೊದಲ ಸಭೆ ಯಾವುದೇ ಇರಲಿ, ಅದು ಹತ್ತು ಗಂಟೆಗಿಂತ ಮುಂಚೆ ಮುಗಿಯಲಾರದು. ಏಕೆಂದರೆ ಎಲ್ಲಕ್ಕಿಂತ ಮೊದಲು ಮುಗಿಯುವುದೇ ಹತ್ತಕ್ಕೆ. ಆದ್ದರಿಂದ ಅವನ ಮೊದಲ ಸಭೆಯನ್ನು ತೆಗೆದು ಅಲ್ಲಿ ಹಿರಿಯ ನಾಗರಿಕರ ಸಭೆಯನ್ನು ಇಟ್ಟರೆ ಅವನ ಮುಂದಿನ ಯಾವ ಸಭೆಗೂ ತೊಂದರೆಯಿಲ್ಲ. ಅವನ ಎಣಿಕೆಯೂ ತಗ್ಗುವುದಿಲ್ಲ. ಎರಡನೆಯ ಸಭೆಗೂ ಇದೇ ತರ್ಕ, ಮೂರನೆಯದಕ್ಕೂ ಇದೇ ತರ್ಕ. ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ಅವನ ಪಟ್ಟಿಯು ನಷ್ಟವಿಲ್ಲದೆ ನಮ್ಮ ಪಟ್ಟಿಯೇ ಆಗಿ ನಿಲ್ಲುತ್ತದೆ. ಕೊನೆಯಲ್ಲಿ ಅವನ ಬಳಿ ಒಂದು ಸಭೆ ಹೆಚ್ಚಾಗಿ ಉಳಿದಿದ್ದರೆ ನಮ್ಮ ವಿಧಿಯೇ ಅದನ್ನು ಆರಿಸಿಕೊಳ್ಳುತ್ತಿತ್ತು. ಮೊದಲು ಆರಂಭಿಸುವವರನ್ನು ಆರಿಸಿದರೆ ಈ ತರ್ಕ ನಡೆಯದು. ಅಲ್ಲಿ ಬದಲಾಗಿ ಇಟ್ಟ ಸಭೆ ಎಷ್ಟು ಹೊತ್ತಿಗಾದರೂ ಮುಗಿಯಬಹುದು, ಮುಂದಿನವರನ್ನು ತುಳಿಯಬಹುದು.

ಇದನ್ನು ಪರೀಕ್ಷಿಸಲು ಇನ್ನೊಂದು ಸುಲಭ ಮಾರ್ಗವಿದೆ. ಆರಿಸಿದ ಐದು ಸಭೆಗಳು ಮುಗಿಯುವುದಕ್ಕೆ ತುಸು ಮುಂಚಿನ ಐದು ಕ್ಷಣಗಳನ್ನು ಗುರುತಿಸಿಕೊಳ್ಳಬೇಕು: ಹತ್ತಕ್ಕೆ ಮುಂಚೆ, ಹನ್ನೊಂದಕ್ಕೆ ಮುಂಚೆ, ಒಂದಕ್ಕೆ ಮುಂಚೆ, ಮೂರೂವರೆಗೆ ಮುಂಚೆ, ಆರಕ್ಕೆ ಮುಂಚೆ. ಒಂಬತ್ತು ಅರ್ಜಿಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದು ಈ ಐದರಲ್ಲಿ ಒಂದಾದರೂ ಕ್ಷಣದಲ್ಲಿ ನಡೆಯುತ್ತಿರುತ್ತದೆ. ಕ್ರೀಡಾ ಸಂಘ ಹತ್ತಕ್ಕೆ ಮುಂಚೆ ನಡೆಯುತ್ತಿದೆ. ಪೋಷಕರ ಸಭೆ ಒಂದಕ್ಕೆ ಮುಂಚೆ ನಡೆಯುತ್ತಿದೆ. ನಿವೃತ್ತ ನೌಕರರ ಸಭೆ ಮೂರೂವರೆಗೆ ಮುಂಚೆ ನಡೆಯುತ್ತಿದೆ. ಒಂದು ಕ್ಷಣಕ್ಕೆ ಒಂದೇ ಸಭೆ ಇರಲು ಸಾಧ್ಯ. ಕ್ಷಣಗಳು ಐದೇ ಆದ ಮೇಲೆ ಆರನೆಯ ಸಭೆಗೆ ಎಡೆಯೆಲ್ಲಿ? ಅರ್ಜಿ ನಿರಾಕರಿಸಲ್ಪಟ್ಟವರಿಗೆ ವ್ಯವಸ್ಥಾಪಕರು ಈ ಲೆಕ್ಕವನ್ನು ಧೈರ್ಯವಾಗಿ ತೋರಿಸಬಹುದು.

ಗಣಕಶಾಸ್ತ್ರದಲ್ಲಿ ಇಂತಹ ವಿಧಿಗೆ ‘ಆಸೆಬುರುಕ ವಿಧಾನ’ ಎಂಬ ಅರ್ಥ ಕೊಡುವ ಹೆಸರಿದೆ. ಆ ಹೊತ್ತಿಗೆ ಮೇಲೆಂದು ತೋರಿದ್ದನ್ನು ಹಿಡಿದು ಮತ್ತೆ ಹಿಂದೆ ನೋಡದಿರುವುದು ಇದರ ಸ್ವಭಾವ. 1990ರಲ್ಲಿ ಕಾರ್ಮೆನ್, ಲೈಸರ್ಸನ್ ಮತ್ತು ರಿವೆಸ್ಟ್ ಪ್ರಕಟಿಸಿದ ಪ್ರಸಿದ್ಧ ಪಠ್ಯಪುಸ್ತಕವು ಈ ವಿಧಾನವನ್ನು ಕಲಿಸಲು ಮೊದಲ ಉದಾಹರಣೆಯಾಗಿ ಇದೇ ಸಮಸ್ಯೆಯನ್ನು ತೆಗೆದುಕೊಂಡಿತು. ಆಸೆಬುರುಕತನ ಎಲ್ಲೆಡೆಯೂ ಫಲಿಸುವುದಿಲ್ಲ. ಯಾವುದಕ್ಕೆ ಆಸೆಪಡಬೇಕೆಂಬುದನ್ನು ಸರಿಯಾಗಿ ಅರಿತಲ್ಲಿ ಮಾತ್ರ ಅದು ಫಲಿಸುತ್ತದೆ ಎಂಬುದನ್ನು ಆರಂಭದ ವೇಳೆ ಮತ್ತು ಮುಗಿಯುವ ವೇಳೆಗಳ ಈ ಕಥೆಯೇ ತೋರಿಸುತ್ತದೆ.

ಈ ವಿಧಿಗೆ ಕೆಲವು ಮೇರೆಗಳಿವೆ. ಮೊದಲನೆಯದಾಗಿ, ಎಲ್ಲ ಅರ್ಜಿಗಳೂ ಕೈಸೇರಿದ ಮೇಲೆಯೇ ಇದನ್ನು ನಡೆಸಬೇಕು. ಬಂದ ಬಂದವರಿಗೆ ಆಗಲೇ ಉತ್ತರ ಕೊಡಬೇಕಾದಲ್ಲಿ ಪಟ್ಟಿಯನ್ನು ಜೋಡಿಸುವುದಕ್ಕೇ ಅವಕಾಶವಿಲ್ಲ. ಆದ್ದರಿಂದ ಅರ್ಜಿಗೆ ಕೊನೆಯ ದಿನವೊಂದನ್ನು ಗೊತ್ತುಮಾಡಬೇಕು. ಎರಡನೆಯದಾಗಿ, ಕುರ್ಚಿಗಳನ್ನು ಸರಿಪಡಿಸಿ ಕಸ ಗುಡಿಸಲು ಬೇಕಾದ ಕಾಲವನ್ನೂ ಮುಗಿಯುವ ವೇಳೆಗೆ ಕೂಡಿಸಬೇಕು. ಪ್ರತಿ ಸಭೆಯ ಬಳಿಕ ಕಾಲು ಗಂಟೆ ಬೇಕೆಂದಾದರೆ ಹಿರಿಯ ನಾಗರಿಕರ ಹಿಂದೆಯೇ ಹತ್ತಕ್ಕೆ ಸ್ವಸಹಾಯ ಗುಂಪು ಒಳಬರಲಾರದು; ಐದರ ಬದಲು ನಾಲ್ಕೇ ಸಭೆಗಳು ನಡೆಯುತ್ತವೆ.

ಮೂರನೆಯ ಮೇರೆ ಎಲ್ಲಕ್ಕಿಂತ ದೊಡ್ಡದು. ಈ ವಿಧಿ ತಲೆಗಳನ್ನು ಎಣಿಸುವುದಿಲ್ಲ, ಸಭೆಗಳನ್ನು ಎಣಿಸುತ್ತದೆ. ಮುನ್ನೂರು ಸದಸ್ಯರ ಮಹಾಸಭೆಯೂ ಹನ್ನೆರಡು ಜನರ ಬಳಗವೂ ಇದರ ಕಣ್ಣಿಗೆ ಒಂದೊಂದೇ. ಸಭೆಗಳಿಗೆ ಬೇರೆ ಬೇರೆ ತೂಕ ಕೊಡಬೇಕೆಂದರೆ ಈ ಸರಳ ಆಯ್ಕೆ ಸೋಲುತ್ತದೆ. ಆಗ ಪ್ರತಿಯೊಂದು ಸಭೆಯನ್ನೂ ಇಟ್ಟುಕೊಂಡರೆ ಒಟ್ಟು ತೂಕವೆಷ್ಟು, ಬಿಟ್ಟರೆ ಎಷ್ಟು ಎಂದು ಹೋಲಿಸಿ ನಡೆಯುವ ಬೇರೆ ಲೆಕ್ಕ ಬೇಕು. ಯಾವುದು ಹೆಚ್ಚಾಗಬೇಕೆಂಬುದನ್ನು ಮೊದಲು ಮನುಷ್ಯರೇ ಕೂಡಿ ತೀರ್ಮಾನಿಸಬೇಕು. ವಿಧಿಯು ಆ ಮೇಲಿನ ಕೆಲಸವನ್ನಷ್ಟೇ ಮಾಡುತ್ತದೆ.

ವ್ಯವಸ್ಥಾಪಕರು ಹೊಸ ಪಟ್ಟಿಯನ್ನು ಬರೆದು ಬಾಗಿಲಿಗೆ ಅಂಟಿಸಿದರು. ಸಂಜೆ ಆರರಿಂದ ಎಂಟರವರೆಗೆ ಸಭಾಂಗಣ ಬರಿದಾಗಿರುವುದು ಆಗ ಅವರಿಗೆ ಕಂಡಿತು. ಬೆಳಗಿನ ಎರಡು ಗಂಟೆಯ ಬದಲು ಆ ಎರಡು ಗಂಟೆ ಆಗಬಹುದೇ ಎಂದು ಕೇಳಿ ಬರಲು ಅವರು ಕ್ರೀಡಾ ಸಂಘದ ತರುಣರ ಮನೆಯ ಕಡೆಗೆ ನಡೆದರು.